‘ಬೇಕು’ ಎಂಬ ಪದವೂ ಇಂಗ್ಲೀಷ್ ಈಮೇಲೂ

ನಮ್ಮ ತುರ್ವಿಹಾಳದ ಕಡೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅರ್ಜಿ ಬರೆಯುವುದು ಹೊಸದೇನಲ್ಲ. ‘ಮಾನ್ಯರೇ’ ಎಂದು ತೊಡಗಿ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಮುಂದುವರಿದು, ‘ತಮ್ಮ ವಿಧೇಯ’ ಎಂದು ಮುಗಿಸುವುದು ಎಲ್ಲರಿಗೂ ಬಾಯಿಪಾಠ. ಇಂಟರ್ನ್‌ಶಿಪ್ಪಿಗೆಂದು ಕಚೇರಿ ಸೇರಿದ ವಿದ್ಯಾರ್ಥಿ ಇಂಗ್ಲೀಷಿನಲ್ಲಿ ಈಮೇಲು ಬರೆಯಲು ಕುಳಿತಾಗ ಇದೇ ಅರ್ಜಿ ವೇಷ ಬದಲಿಸಿಕೊಂಡು ಬರುವುದು. ವ್ಯಾಕರಣ ತಪ್ಪೀತೆಂದು ಅವನು ಅಂಜುತ್ತಾನೆ. ನಾನು ಕಂಡಂತೆ, ತೊಡಕಿರುವುದು ವ್ಯಾಕರಣದಲ್ಲಿ ಅಷ್ಟಲ್ಲ. ಮಾತನ್ನು ಜೋಡಿಸುವ ಕ್ರಮದಲ್ಲಿ.

ನನ್ನ ಗೆಳೆಯನೊಬ್ಬನು ಸಿಂಧನೂರಿನಲ್ಲಿ ಅಕ್ಕಿ ವ್ಯಾಪಾರದ ಕಚೇರಿಯೊಂದರಲ್ಲಿ ಇಂಟರ್ನ್ ಆಗಿದ್ದನು. ಒಂದು ದಿನ ಇನ್‌ವಾಯ್ಸಿನಲ್ಲಿ 200 ಚೀಲವೆಂದೂ, ಲಾರಿಯ ಚೀಟಿಯಲ್ಲಿ 196 ಎಂದೂ ಇತ್ತು. ಬೆಂಗಳೂರಿನ ಮ್ಯಾನೇಜರರಿಂದ ಸರಿಯಾದ ಲೆಕ್ಕ ತಿಳಿಯದೆ ಬಿಲ್ಲು ಮಾಡುವಂತಿಲ್ಲ. ಅವನು ಬರೆದ ಈಮೇಲಿನಲ್ಲಿ ಲಾರಿ ಬಂದ ಹೊತ್ತು, ಚೀಟಿ ಕೊಟ್ಟವರಾರು, ತಾನು ಎರಡು ಸಲ ಎಣಿಸಿದ್ದು ಎಲ್ಲವೂ ಇತ್ತು. ಕೊನೆಯ ಸಾಲು ಮಾತ್ರ ‘ಯು ಮಸ್ಟ್ ಟೆಲ್ ದ ಕರೆಕ್ಟ್ ಕೌಂಟ್’ ಎಂದಿತ್ತು. ವಿಷಯದ ಸಾಲಿನಲ್ಲಿ ‘ರಿಗಾರ್ಡಿಂಗ್ ಇನ್‌ವಾಯ್ಸ್’ ಎಂಬಷ್ಟೇ. ಅದನ್ನು ಕಳಿಸುವ ಮುನ್ನ ಅಲ್ಲಿಯ ಹಿರಿಯ ಗುಮಾಸ್ತರಿಗೆ ತೋರಿಸಿದನಂತೆ. ಅವರು ಓದಿ, “ತಮ್ಮಾ, ಏನ್ ಬೇಕಾಗೇದ ಅದನ್ನ ಮೊದ್ಲ ಹೇಳಪಾ” ಎಂದರಂತೆ.

ಗುಮಾಸ್ತರ ಮಾತಿನಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಕ್ರಮದ್ದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ. ‘ಚೀಲ ಕಡಿಮೆ ಇರುವುದರಿಂದ, ಲೆಕ್ಕ ತಿಳಿಸಿರಿ’ ಎಂದು ಕಾರಣ ಮುಂದೆ, ಕೋರಿಕೆ ಹಿಂದೆ. ಇದು ನಮ್ಮಲ್ಲಿ ಸೊಗಸೇ. ಆದರೆ ಈಮೇಲಿನ ಪಟ್ಟಿಯಲ್ಲಿ ಮ್ಯಾನೇಜರರಿಗೆ ಸಾಮಾನ್ಯವಾಗಿ ಮೊದಲು ಕಾಣುವುದು ವಿಷಯದ ಸಾಲು, ಅದರ ಪಕ್ಕದಲ್ಲಿ ಪತ್ರದ ಮೊದಲ ಕೆಲವು ಪದಗಳು. ಕೋರಿಕೆ ಅಲ್ಲಿ ಇಲ್ಲದಿದ್ದರೆ ಪತ್ರವನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಟ್ಟುಬಿಡಬಹುದು.

ಎರಡನೆಯದು ನಮ್ಮ ‘ಬೇಕು’. ‘ತಾವು ದಯಮಾಡಿ ತಿಳಿಸಬೇಕು’ ಎಂಬುದರಲ್ಲಿ ವಿನಯವೇ ತುಂಬಿದೆ. ‘ತಾವು’ ಎಂಬ ಸರ್ವನಾಮ ‘ಬೇಕು’ವಿನ ಮೊನಚನ್ನೆಲ್ಲ ನುಂಗಿಬಿಡುವುದು. ಇಂಗ್ಲೀಷಿನ ‘ಯು’ ನೀನೂ ಹೌದು, ತಾವೂ ಹೌದು. ಅದಕ್ಕೆ ಆ ಶಕ್ತಿಯಿಲ್ಲ. ಆದಕಾರಣ ‘ಬೇಕು’ ಎಂಬುದು ‘ಮಸ್ಟ್’ ಆದೊಡನೆ ವಿನಂತಿಯು ಆಜ್ಞೆಯಾಗುವುದು. ಇಂಗ್ಲೀಷಿನಲ್ಲಿ ವಿನಯವು ಹೆಚ್ಚಾಗಿ ಪ್ರಶ್ನೆಯ ರೂಪದಲ್ಲಿದೆ: ‘ಕುಡ್ ಯು ಪ್ಲೀಸ್’ ಎಂದು ಕೇಳಿದರೆ ಸಾಕು. ಇದು ತಿಳಿಯದೆ ‘ಕೈಂಡ್ಲಿ’, ‘ರೆಸ್ಪೆಕ್ಟೆಡ್’, ‘ಹಂಬಲ್ ರಿಕ್ವೆಸ್ಟ್’ಗಳನ್ನು ಮೂಟೆಯಂತೆ ಹೇರಿದರೆ ಬರೆದವನು ಹೆದರಿದಂತೆ ಕಾಣುವನೇ ಹೊರತು ವಿನಯಶಾಲಿಯಾಗಿ ಅಲ್ಲ.

ಗೆಳೆಯನು ಪತ್ರವನ್ನು ತಿರುಗಿ ಬರೆದ ಬಗೆ ಹೀಗೆ. ವಿಷಯ: ‘ಬ್ಯಾಗ್ ಕೌಂಟ್, ಇನ್‌ವಾಯ್ಸ್ 47: ರಿಪ್ಲೈ ನೀಡೆಡ್ ಬೈ 4 ಪಿ.ಎಂ.’ ಮೊದಲ ಸಾಲು: ‘ಕುಡ್ ಯು ಪ್ಲೀಸ್ ಕನ್‌ಫರ್ಮ್ ದ ಬ್ಯಾಗ್ ಕೌಂಟ್ ಫಾರ್ ಇನ್‌ವಾಯ್ಸ್ 47 ಬೈ 4 ಪಿ.ಎಂ. ಟುಡೇ?’ ಕಾರಣ: ‘ದ ಇನ್‌ವಾಯ್ಸ್ ಸೇಸ್ 200, ಬಟ್ ದ ಲಾರಿ ಸ್ಲಿಪ್ ಸೇಸ್ 196.’ ಕೊನೆಯದು: ‘ಬೋತ್ ಆರ್ ಅಟ್ಯಾಚ್ಡ್. ಐ ವಿಲ್ ಪ್ರಿಪೇರ್ ದ ಬಿಲ್ ಆಫ್ಟರ್ ಯುವರ್ ರಿಪ್ಲೈ.’ ಕಠಿಣವಾದ ಪದ ಒಂದೂ ಇಲ್ಲ. ಆದರೂ ಏನು ಬೇಕು, ಎಷ್ಟು ಹೊತ್ತಿನೊಳಗೆ, ಏಕೆ, ಮುಂದೆ ತಾನೇನು ಮಾಡುವೆನು ಎಂಬ ನಾಲ್ಕೂ ಇವೆ. ಆತ್ಮವಿಶ್ವಾಸದ ಧ್ವನಿ ಇಲ್ಲಿ ಹುಟ್ಟುವುದು ‘ಐ ವಿಲ್’ ಎಂಬ ಆ ಸರಳವಾದ ಮಾತಿನಿಂದ.

ಪತ್ರ ಸರಿಯಾಯಿತೆ ಎಂದು ತಿಳಿಯುವುದು ಸುಲಭ. ವಿಷಯವನ್ನೂ ಮೊದಲ ಸಾಲನ್ನೂ ಬಿಟ್ಟು ಉಳಿದುದನ್ನು ಕೈಯಿಂದ ಮುಚ್ಚಿರಿ. ಅಷ್ಟನ್ನೇ ಓದಿದವರಿಗೆ ತಾವು ಮಾಡತಕ್ಕ ಕೆಲಸ ಗೊತ್ತಾದರೆ ಸರಿ. ಇಲ್ಲವಾದರೆ ಕೋರಿಕೆಯನ್ನು ಮೇಲಕ್ಕೆ ತರಬೇಕು. ‘ಅಟ್ಯಾಚ್ಡ್’ ಎಂದು ಬರೆದಿದ್ದರೆ ಕಾಗದ ನಿಜವಾಗಿ ಲಗತ್ತಾಗಿದೆಯೇ ನೋಡಬೇಕು. ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿದರೆ, ಅರ್ಧ ಬರೆದ ಪತ್ರ ಕೈತಪ್ಪಿ ಹೋಗುವ ಭಯವಿಲ್ಲ.

ಈ ಕ್ರಮಕ್ಕೂ ಮಿತಿಯುಂಟು. ಹಿಂದೆಂದೂ ಕಾಣದವರಿಗೆ ಬರೆಯುವಾಗ ‘ನಾನು ಇಂಥ ಕಚೇರಿಯ ಇಂಟರ್ನ್’ ಎಂಬ ಒಂದು ಸಾಲು ಮೊದಲು ಬರುವುದೇ ಲೇಸು. ‘ಸರ್’ ಎನ್ನಬೇಕೋ ಹೆಸರು ಹಿಡಿದು ಬರೆಯಬೇಕೋ ಎಂಬುದು ಆಯಾ ಕಚೇರಿಯ ವಾಡಿಕೆ. ಅಲ್ಲಿಯವರ ಹಳೆಯ ನಾಲ್ಕು ಪತ್ರಗಳನ್ನು ನೋಡಿ ಅನುಸರಿಸುವುದು ಜಾಣತನ. ಗೆಳೆಯನಿಗಂತೂ ಅಂದು ಮೂರು ಗಂಟೆಗೇ ಉತ್ತರ ಬಂದಿತು: ಚೀಲಗಳು 196.