ಪ್ರಮಾಣಪತ್ರದ ಆಯುಸ್ಸು

ಪದವಿಯ ಎರಡನೆಯ ವರ್ಷದಲ್ಲಿರುವ ಕಿರಿಯ ಮಗನು ಕಂಪ್ಯೂಟರ್ ಜಾಲದ ಸಿಸಿಎನ್‌ಎ ಪರೀಕ್ಷೆಗೆ ಕೂರುವೆನೆಂದಾಗ ನ್ಯಾಮತಿಯ ನಮ್ಮ ಮನೆಯಲ್ಲಿ ಎಲ್ಲರೂ ಹಿಗ್ಗಿದೆವು. ಶುಲ್ಕ 300 ಡಾಲರ್, ತೆರಿಗೆ ಬೇರೆ. ಅಡಿಕೆ ಮಾರಿದ ಹಣವನ್ನು ತೆಗೆದಿರಿಸಿದೆವು.

ಬೆಂಗಳೂರಿನಲ್ಲಿ ಅದೇ ಉದ್ಯೋಗದಲ್ಲಿರುವ ಚನ್ನಗಿರಿಯ ಅಳಿಯಂದಿರು ತಡೆದರು. "ಮಾವನವರೇ, ಆ ಪತ್ರದ ಆಯುಸ್ಸು ಮೂರೇ ವರ್ಷ. ಈಗಲೇ ಪಡೆದರೆ ಪದವಿ ಮುಗಿಯುವ ವೇಳೆಗೆ ಅರ್ಧದಷ್ಟು ಸವೆದಿರುತ್ತದೆ. ತರಬೇತಿ ಸಂಸ್ಥೆಯವರು ಕೊಡುವ ಪತ್ರವು ಇದಕ್ಕೆ ಸಮನಲ್ಲ. ಸಿಸ್ಕೋ ಕಂಪನಿಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಸಿಸಿಎನ್‌ಎ. ಪ್ರೋಗ್ರಾಂ ಬರೆಯುವ ಕೆಲಸ ಬಯಸುವವನಿಗಂತೂ ಇದರ ಅಗತ್ಯವೇ ಇಲ್ಲ" ಎಂದರು.

ಮಗನೊಡನೆ ಕುಳಿತು ಉದ್ಯೋಗದ ಜಾಹೀರಾತುಗಳನ್ನು ಓದಿದೆವು. ಅವನು ಬಯಸಿದ ಜಾಲ ನಿರ್ವಹಣೆಯ ಕೆಲಸಗಳಿಗೆ ಅದನ್ನು ಕೇಳಿದ್ದರು. ಈಗ ಅವನು ಉಚಿತವಾಗಿ ದೊರೆಯುವ ಪ್ಯಾಕೆಟ್ ಟ್ರೇಸರ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ಹಣವನ್ನು ಕೊನೆಯ ಸೆಮಿಸ್ಟರಿಗೆಂದು ಕಾದಿರಿಸಿದ್ದೇವೆ.