ಮೂರು ವಾಕ್ಯಗಳ ಭಾಷೆ

ಕಂಪೈಲರ್ ಪಠ್ಯಪುಸ್ತಕದ ಪಾರ್ಸಿಂಗ್ ಅಧ್ಯಾಯವನ್ನು ಎರಡು ಹಾಳೆಗೆ ಇಳಿಸುವುದು ಹೆಚ್ಚಿನವರಿಗೆ ಪರೀಕ್ಷೆಯ ಹಿಂದಿನ ರಾತ್ರಿಯ ಅನಿವಾರ್ಯ ಕರ್ಮವಾದರೂ, ಅದನ್ನೇ ಬಿಡುವಿನ ವೇಳೆಯ ಸುಖವೆಂದು ಎಣಿಸುವ ಒಂದು ಸಣ್ಣ ವರ್ಗವೂ ಇದೆ. ಆಹೊ, ಲ್ಯಾಮ್, ಸೇಥಿ ಮತ್ತು ಉಲ್ಮನ್ ಅವರ 2006ರ ಗ್ರಂಥದಲ್ಲಿ, ಅಂದರೆ ಮುಖಪುಟದ ಚಿತ್ರದಿಂದಾಗಿ ಎಲ್ಲೆಡೆ ಡ್ರ್ಯಾಗನ್ ಪುಸ್ತಕವೆಂದೇ ಕರೆಸಿಕೊಳ್ಳುವ ಗ್ರಂಥದಲ್ಲಿ, ಈ ಅಧ್ಯಾಯ ನೂರಕ್ಕೂ ಹೆಚ್ಚು ಪುಟಗಳಷ್ಟಿದೆ. ಅದನ್ನು ಸಂಗ್ರಹಿಸ ಹೊರಟವರು ಸಾಮಾನ್ಯವಾಗಿ ಮೊದಲು ವ್ಯಾಖ್ಯೆಗಳನ್ನು ಬರೆದುಕೊಂಡು, ಅನಂತರ ಕೋಷ್ಟಕ ಕಟ್ಟುವ ಹೆಜ್ಜೆಗಳನ್ನು ಜೋಡಿಸಿ, ಜಾಗ ಉಳಿದರೆ ಮಾತ್ರ ಉದಾಹರಣೆಯೊಂದನ್ನು ತುರುಕುತ್ತಾರೆ; ಈ ಕೆಲಸದಲ್ಲಿ ಕೈ ಪಳಗಿದವರಾದರೋ ಮೊದಲು ಉದಾಹರಣೆಯನ್ನು ಹುಡುಕಿ, ಉಳಿದುದೆಲ್ಲವನ್ನೂ ಅದರ ಸುತ್ತ ಕಟ್ಟುತ್ತಾರೆ.

ಹೀಗೆ ಮಾಡಲು ಕಾರಣವಿದೆ. ಪಠ್ಯಪುಸ್ತಕವು ಪ್ರತಿ ವಿಧಾನಕ್ಕೂ ಅದಕ್ಕೆ ಒಪ್ಪುವ ಬೇರೊಂದು ವ್ಯಾಕರಣವನ್ನು ಮುಂದಿಡುತ್ತದೆ. ಆಗ ವಿಧಾನವೂ ವ್ಯಾಕರಣವೂ ಒಟ್ಟಿಗೇ ಬದಲಾಗುವುದರಿಂದ, ಒಂದು ವಿಧಾನ ಸೋತ ಕಡೆ ಇನ್ನೊಂದು ಏಕೆ ಗೆದ್ದಿತೆಂಬುದು ಓದುಗನ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ವಿಧಾನಗಳ ಮೂಲಕವೂ ಹಾದುಹೋಗುವ ಒಂದೇ ವ್ಯಾಕರಣ ಸಿಕ್ಕರೆ ಮಾತ್ರ ಅವುಗಳ ನಡುವಣ ಗಡಿ ಸ್ಪಷ್ಟವಾಗುತ್ತದೆ. ಅಂಥ ವ್ಯಾಕರಣ ಕೆಲವು ವಿಧಾನಗಳಲ್ಲಿ ಮುರಿದು ಕೆಲವದರಲ್ಲಿ ನಿಲ್ಲಬೇಕು, ಜೊತೆಗೆ ಅರ್ಧ ಪುಟದಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಬೇಕು.

```
1  S → A a
2  S → b A c
3  S → d c
4  A → d
```

ಇಲ್ಲಿ ದೊಡ್ಡಕ್ಷರಗಳು ಇನ್ನೂ ಬಿಡಿಸಬೇಕಾದ ಘಟಕಗಳನ್ನೂ ಸಣ್ಣಕ್ಷರಗಳು ಟೋಕನ್‌ಗಳನ್ನೂ, ಅಂದರೆ ಮೂಲ ಪಠ್ಯದಲ್ಲಿ ನಿಜವಾಗಿಯೂ ಕಾಣಿಸಿಕೊಳ್ಳುವ ಚಿಹ್ನೆಗಳನ್ನೂ, ಸೂಚಿಸುತ್ತವೆ. ಈ ವ್ಯಾಕರಣದ ಭಾಷೆಯಲ್ಲಿ `da`, `bdc`, `dc` ಎಂಬ ಮೂರೇ ವಾಕ್ಯಗಳಿದ್ದು, ಒಂದೊಂದಕ್ಕೂ ಒಂದೇ ಒಂದು ರಚನಾವೃಕ್ಷವಿದೆ. ಪಠ್ಯಪುಸ್ತಕಗಳ ಅಭ್ಯಾಸಗಳಲ್ಲಿ ಬರುವ ಇದರ ರೂಪದಲ್ಲಿ `S → b d a` ಎಂಬ ನಾಲ್ಕನೆಯ ಕವಲೂ ಇರುತ್ತದೆ. ಆದರೆ ಆ ಕವಲು ಒಂದೇ ಬಗೆಯ ತೊಡಕನ್ನು ಎರಡನೆಯ ಬಾರಿ ತೋರಿಸುವುದರ ಹೊರತು ಬೇರೇನನ್ನೂ ಮಾಡುವುದಿಲ್ಲವಾದ್ದರಿಂದ, ಸಂಗ್ರಹದಲ್ಲಿ ಅದನ್ನು ಕತ್ತರಿಸಿಬಿಡಬಹುದು. ಹಾಗೆ ಕತ್ತರಿಸಿದ ಮೇಲೂ ಉದಾಹರಣೆ ಕೆಲಸ ಮಾಡುತ್ತಿರುವುದನ್ನು ನೋಡುವ ಸಂತೋಷವೇ ಈ ಹವ್ಯಾಸದ ಅರ್ಧ ಆಕರ್ಷಣೆ.

ಮೇಲಿನಿಂದ ಕೆಳಕ್ಕೆ ಬಿಡಿಸುತ್ತ ಬರುವ ಎಲ್‌ಎಲ್(1) ವಿಧಾನವು, ಮುಂದಿರುವ ಒಂದೇ ಟೋಕನ್ನನ್ನು ನೋಡಿ ಯಾವ ನಿಯಮವನ್ನು ಬಳಸಬೇಕೆಂದು ಆರಂಭದಲ್ಲೇ ನಿರ್ಧರಿಸುತ್ತದೆ. ಅದರ ಕೋಷ್ಟಕ ಕಟ್ಟಲು ಪ್ರತಿ ನಿಯಮದ ಬಲಭಾಗ ಯಾವ ಟೋಕನ್‌ಗಳಿಂದ ಶುರುವಾಗಬಲ್ಲದೆಂಬ ಪಟ್ಟಿ ಬೇಕು. ಇದಕ್ಕೆ ಫಸ್ಟ್ ಗಣವೆಂದು ಹೆಸರು. ನಿಯಮದ ಫಸ್ಟ್ ಗಣದಲ್ಲಿ ಯಾವ ಟೋಕನ್‌ಗಳಿವೆಯೋ ಆ ಕಂಬಸಾಲುಗಳಲ್ಲೆಲ್ಲ ನಿಯಮವನ್ನು ಬರೆದರೆ ಕೋಷ್ಟಕದ ಮುಖ್ಯ ಭಾಗ ಮುಗಿಯುತ್ತದೆ. ಇಲ್ಲಿ `A a` ಕೂಡ `d` ಯಿಂದಲೇ ಶುರುವಾಗುತ್ತದೆ, `d c` ಕೂಡ `d` ಯಿಂದಲೇ. ಆದ್ದರಿಂದ `S` ಸಾಲಿನ `d` ಮನೆಯಲ್ಲಿ ಎರಡು ನಿಯಮಗಳು ಬಂದು ಕೂರುತ್ತವೆ, ವ್ಯಾಕರಣ ಎಲ್‌ಎಲ್(1) ಅಲ್ಲವೆಂಬುದಕ್ಕೆ ಅಷ್ಟೇ ಸಾಕು. ಸಮಾನ ಆರಂಭವನ್ನು ಹೊರತೆಗೆದು `S → d X`, `S → b d c`, `X → a`, `X → c` ಎಂದು ಬರೆದರೆ ತೊಡಕು ಹೋಗುತ್ತದೆ, ಆದರೆ ಅದರ ಜೊತೆಗೆ `A` ಎಂಬ ಘಟಕವೂ ಹೋಗುತ್ತದೆ; ಆ ಘಟಕಕ್ಕೆ ಅರ್ಥವನ್ನು ಅಂಟಿಸಿದ್ದ ಕಂಪೈಲರ್ ಲೇಖಕ ಅದನ್ನು ಬೇರೆಡೆ ಹುಡುಕಿಕೊಳ್ಳಬೇಕು. ಸಾಧಾರಣ ಟಿಪ್ಪಣಿಗಳು ಪರಿಹಾರವನ್ನಷ್ಟೇ ಬರೆದು ಈ ಬೆಲೆಯನ್ನು ಬರೆಯದೆ ಬಿಡುತ್ತವೆ. ಖಾಲಿ ಬಲಭಾಗವಿರುವ ನಿಯಮವೊಂದೂ ಇಲ್ಲಿಲ್ಲದ ಕಾರಣ, ಘಟಕವೊಂದರ ಬೆನ್ನಿಗೆ ಬರಬಲ್ಲ ಟೋಕನ್‌ಗಳ ಪಟ್ಟಿಯಾದ ಫಾಲೋ ಗಣದ ಅಗತ್ಯ ಎಲ್‌ಎಲ್(1) ಕೋಷ್ಟಕಕ್ಕೆ ಬೀಳುವುದಿಲ್ಲ. ಅದೊಂದು ಈ ಉದಾಹರಣೆಯ ಕೊರತೆಯೇ ಸರಿ, ಅದನ್ನು ಅಂಚಿನಲ್ಲಿ ಎರಡು ಸಾಲು ಬರೆದು ತುಂಬಬೇಕಾಗುತ್ತದೆ.

ಡೊನಾಲ್ಡ್ ಕ್ನೂತ್ 1965ರಲ್ಲಿ ಮಂಡಿಸಿದ ಎಲ್‌ಆರ್ ವಿಧಾನವು ಇದಕ್ಕೆ ವಿರುದ್ಧವಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅದು ಟೋಕನ್‌ಗಳನ್ನು ಒಂದೊಂದಾಗಿ ಸ್ಟ್ಯಾಕ್‌ಗೆ ಸೇರಿಸುತ್ತ, ಸ್ಟ್ಯಾಕಿನ ತುದಿಯಲ್ಲಿ ಯಾವುದಾದರೊಂದು ನಿಯಮದ ಬಲಭಾಗ ಪೂರ್ಣವಾಗಿ ಕೂಡಿಬಂದಾಗ ಅದನ್ನು ತೆಗೆದು ಎಡಭಾಗದ ಘಟಕವನ್ನು ಇಡುತ್ತದೆ; ಸೇರಿಸುವುದಕ್ಕೆ ಶಿಫ್ಟ್ ಎಂದೂ ತೆಗೆದಿಡುವುದಕ್ಕೆ ರೆಡ್ಯೂಸ್ ಎಂದೂ ಹೆಸರು. ನಿಯಮದ ಎಷ್ಟು ಭಾಗ ಈಗಾಗಲೇ ಕಂಡಿದೆಯೆಂಬುದನ್ನು, ಓದುವಾಗ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋಗುವಂತೆ, ಬಲಭಾಗದೊಳಗೆ ಒಂದು ಚುಕ್ಕಿಯಿಟ್ಟು ಗುರುತಿಸುತ್ತಾರೆ; ಹಾಗೆ ಚುಕ್ಕಿಯಿಟ್ಟ ನಿಯಮವೇ ಐಟಂ. ಕಟ್ಟುವ ಕ್ರಮದಲ್ಲಿ ಎರಡೇ ಹೆಜ್ಜೆಗಳಿವೆ: ಚುಕ್ಕಿಯ ಮುಂದೆ ಘಟಕವೊಂದಿದ್ದರೆ ಆ ಘಟಕದ ನಿಯಮಗಳನ್ನೆಲ್ಲ ಚುಕ್ಕಿಯನ್ನು ಆರಂಭದಲ್ಲಿಟ್ಟು ಸೇರಿಸುವುದು ಒಂದು, ಚುಕ್ಕಿಯನ್ನು ಒಂದು ಚಿಹ್ನೆಯಷ್ಟು ಮುಂದೆ ದಾಟಿಸಿ ಹೊಸ ಸ್ಥಿತಿಯನ್ನು ಪಡೆಯುವುದು ಇನ್ನೊಂದು. `S' → S` ಎಂಬ ಆರಂಭಿಕ ನಿಯಮವೊಂದನ್ನು ಮುಂದೆ ಸೇರಿಸಿಕೊಂಡು ಈ ಹೆಜ್ಜೆಗಳನ್ನು ಹೊಸ ಸ್ಥಿತಿ ಸಿಗದಾಗುವವರೆಗೂ ನಡೆಸಿದರೆ ಒಟ್ಟು 10 ಸ್ಥಿತಿಗಳು ದೊರೆಯುತ್ತವೆ. ಸಂಗ್ರಹಕ್ಕೆ ಬೇಕಾದವು ಅವುಗಳಲ್ಲಿ ನಾಲ್ಕು:

```
I0:  S' → ·S   S → ·A a   S → ·b A c   S → ·d c   A → ·d
I3:  S → b·A c   A → ·d
I4:  S → d·c   A → d·
I7:  A → d·
```

ಆರಂಭದಿಂದ `d` ಓದಿದರೆ `I4`, `b` ಓದಿ `I3` ಗೆ ಹೋಗಿ ಅಲ್ಲಿಂದ `d` ಓದಿದರೆ `I7`. ಕಥೆಯೆಲ್ಲ `I4` ರಲ್ಲಿದೆ. ಅಲ್ಲಿ ಒಂದು ಐಟಂ `c` ಯನ್ನು ಎದುರುನೋಡುತ್ತಿದೆ, ಇನ್ನೊಂದರ ಚುಕ್ಕಿ ಕೊನೆ ಮುಟ್ಟಿ `d` ಯನ್ನು `A` ಆಗಿ ಮಾರ್ಪಡಿಸಲು ಸಿದ್ಧವಾಗಿದೆ. ಮುಂದಿನ ಟೋಕನ್ ಏನೇ ಇರಲಿ ರೆಡ್ಯೂಸ್ ಮಾಡೆನ್ನುವ ಎಲ್‌ಆರ್(0) ಇಲ್ಲಿ ಸೋಲುವುದು ಸಹಜ. ಫ್ರ್ಯಾಂಕ್ ಡಿರೆಮರ್ ರೂಪಿಸಿದ ಎಸ್‌ಎಲ್‌ಆರ್ ಸ್ವಲ್ಪ ಜಾಣತನದಿಂದ, ಮುಂದಿನ ಟೋಕನ್ `A` ಯ ಫಾಲೋ ಗಣದಲ್ಲಿದ್ದರೆ ಮಾತ್ರ ರೆಡ್ಯೂಸ್ ಮಾಡಬೇಕೆನ್ನುತ್ತದೆ. ಆದರೆ ಮೊದಲ ನಿಯಮದಲ್ಲಿ `A` ಯ ಬೆನ್ನಿಗೆ `a` ಬರುತ್ತದೆ, ಎರಡನೆಯದರಲ್ಲಿ `c` ಬರುತ್ತದೆ; ಆದ್ದರಿಂದ ಫಾಲೋ ಗಣದಲ್ಲಿ ಎರಡೂ ಇವೆ, `I4` ರ ಸಾಲಿನ `c` ಮನೆಯಲ್ಲಿ ಶಿಫ್ಟ್ ಕೂಡ ರೆಡ್ಯೂಸ್ ಕೂಡ ಬಂದು ಸೇರುತ್ತವೆ. ತಪ್ಪಿ ರೆಡ್ಯೂಸನ್ನು ಆರಿಸಿದರೆ ಏನಾಗುತ್ತದೆಂಬುದನ್ನು ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ತೋರಿಸಬೇಕು: `dc` ಎಂಬ ಸರಿಯಾದ ವಾಕ್ಯದಲ್ಲಿ `d` ಹೋಗಿ `A` ಆಗುತ್ತದೆ, `A` ಯ ಮುಂದೆ `a` ಯನ್ನು ಮಾತ್ರ ಒಪ್ಪುವ ಸ್ಥಿತಿಗೆ ಪಾರ್ಸರ್ ತಲುಪುತ್ತದೆ, ಎದುರಿಗೆ `c` ಕಂಡು ವಾಕ್ಯವನ್ನೇ ತಿರಸ್ಕರಿಸುತ್ತದೆ.

ಫಾಲೋ ಗಣಕ್ಕೆ `c` ಬಂದದ್ದು ಎರಡನೆಯ ನಿಯಮದಿಂದ, ಆದರೆ ಆ ನಿಯಮ `b` ಯಿಂದ ಶುರುವಾಗುತ್ತದೆ, `b` ಓದಿದ ಪಾರ್ಸರ್ `I4` ಕ್ಕೆ ಬರುವುದೇ ಇಲ್ಲ. ಇಡೀ ವ್ಯಾಕರಣಕ್ಕೆ ಸಂಬಂಧಿಸಿದ ಮಾಹಿತಿಯನ್ನು ಒಂದು ನಿರ್ದಿಷ್ಟ ಸ್ಥಿತಿಗೆ ಅನ್ವಯಿಸಿದ್ದೇ ಎಸ್‌ಎಲ್‌ಆರ್‌ನ ದೋಷ. ಎಲ್‌ಆರ್(1) ಇದನ್ನು ಹೀಗೆ ಸರಿಪಡಿಸುತ್ತದೆ: ಪ್ರತಿ ಐಟಂ ಜೊತೆಗೂ, ಅದು ಪೂರ್ಣಗೊಂಡಾಗ ಮುಂದೆ ಇರಬೇಕಾದ ಟೋಕನ್ನನ್ನು, ಅಂದರೆ ಅದರ ಮುನ್ನೋಟವನ್ನು, ಹೊತ್ತೊಯ್ಯುತ್ತದೆ. `I0` ಯಲ್ಲಿ `A → ·d` ಹುಟ್ಟಿದ್ದು `S → ·A a` ಯಿಂದ, ಅಲ್ಲಿ `A` ಯ ಬೆನ್ನಿಗೇ `a` ಇರುವುದರಿಂದ ಮುನ್ನೋಟವೂ `a`. `I3` ರಲ್ಲಿ ಅದೇ ಐಟಂ `S → b·A c` ಯಿಂದ ಹುಟ್ಟಿರುವುದರಿಂದ ಮುನ್ನೋಟ `c`. ಚುಕ್ಕಿ ಮುಂದೆ ಸರಿದರೂ ಮುನ್ನೋಟ ಬದಲಾಗದು. ಹೀಗಾಗಿ `I4` ರಲ್ಲಿ `a` ಕಂಡರೆ ರೆಡ್ಯೂಸ್, `c` ಕಂಡರೆ ಶಿಫ್ಟ್, ಬೇರೇನು ಕಂಡರೂ ದೋಷ. ಸ್ಥಿತಿಗಳ ಸಂಖ್ಯೆ ಮೊದಲಿನಂತೆ 10 ಆಗಿಯೇ ಉಳಿಯುತ್ತದೆ. ವಿಧಾನದ ಶಕ್ತಿ ಸ್ಥಿತಿಗಳ ಹೆಚ್ಚಳದಿಂದಲೇ ಬರುತ್ತದೆಂಬ ನಂಬಿಕೆಯನ್ನು ಅಲುಗಾಡಿಸಲು ಇಷ್ಟು ಸಾಕು.

ಇಲ್ಲಿಯೇ ಹೇಳಿಬಿಡಬೇಕಾದ ಮಾತೊಂದಿದೆ. ಕೋಷ್ಟಕದ ಒಂದೇ ಮನೆಗೆ ಎರಡು ಕ್ರಿಯೆಗಳು ಬಂದ ಕೂಡಲೇ ವ್ಯಾಕರಣ ಸಂದಿಗ್ಧ, ಅಂದರೆ ಒಂದೇ ವಾಕ್ಯಕ್ಕೆ ಎರಡು ವೃಕ್ಷಗಳನ್ನು ಕೊಡುವಂಥದು, ಎಂದು ಬರೆದುಕೊಳ್ಳುವುದು ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಎಡೆಬಿಡದೆ ಕಾಣುವ ತಪ್ಪು. ಮೂರು ವಾಕ್ಯಗಳ ಈ ಭಾಷೆಯಲ್ಲಿ ಸಂದಿಗ್ಧತೆ ಇಲ್ಲವೆಂಬುದನ್ನು ಬರಿಗಣ್ಣಿನಿಂದಲೇ ನೋಡಬಹುದು, ಆದರೂ ಎಸ್‌ಎಲ್‌ಆರ್ ಕೋಷ್ಟಕದಲ್ಲಿ ಸಂಘರ್ಷ ಬಂದಿದೆ. ತೊಡಕು ವ್ಯಾಕರಣದ್ದೋ ವಿಧಾನದ್ದೋ ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. ಯಾವುದೇ ವ್ಯಾಕರಣವನ್ನು ಕೊಟ್ಟರೂ ಅದು ಸಂದಿಗ್ಧವೇ ಎಂದು ತೀರ್ಮಾನಿಸಬಲ್ಲ ಸಾರ್ವತ್ರಿಕ ಕ್ರಮವಿಧಿ ಇರಲು ಸಾಧ್ಯವೇ ಇಲ್ಲವೆಂಬುದು ಸಿದ್ಧವಾಗಿರುವ ಸಂಗತಿ. ಇದಕ್ಕೆ ಎದುರಾಗಿ, ಒಂದರೊಳಗೊಂದು ಬಂದ ಎರಡು `if` ಗಳಲ್ಲಿ ಕೊನೆಯ `else` ಯಾವುದಕ್ಕೆ ಸೇರಬೇಕೆಂಬ ಹಳೆಯ ಪ್ರಶ್ನೆಯಲ್ಲಿ ವ್ಯಾಕರಣವೇ ಸಂದಿಗ್ಧವಾಗಿರುವುದರಿಂದ, ಎಷ್ಟು ಟೋಕನ್ ಮುಂದೆ ನೋಡಿದರೂ ಆ ಸಂಘರ್ಷ ತೊಲಗದು.

ಉಳಿದದ್ದು ಎಲ್‌ಎಎಲ್‌ಆರ್. ನಿಜವಾದ ಭಾಷೆಗಳಿಗೆ ಎಲ್‌ಆರ್(1) ಸ್ಥಿತಿಗಳು ಸಾವಿರಗಳಲ್ಲಿ ಬೆಳೆಯುವುದರಿಂದ, ಮುನ್ನೋಟವನ್ನು ಬಿಟ್ಟರೆ ಒಂದೇ ಆಗಿರುವ ಸ್ಥಿತಿಗಳನ್ನು ಇದು ಒಂದುಗೂಡಿಸುತ್ತದೆ. ಯಾಕ್ ಉಪಕರಣ ಆರಿಸಿಕೊಂಡದ್ದೂ ಇದನ್ನೇ. ನಮ್ಮ ಉದಾಹರಣೆಯಲ್ಲಿ ಒಂದುಗೂಡಿಸಲು ಏನೂ ಇಲ್ಲ, ಆದ್ದರಿಂದ ಒಲ್ಲದ ಮನಸ್ಸಿನಿಂದಲೇ ಎರಡನೆಯ ವ್ಯಾಕರಣವೊಂದನ್ನು ತರಬೇಕಾಗುತ್ತದೆ.

```
S → a A d | b B d | a B e | b A e
A → c
B → c
```

`a c` ಓದಿದ ಬಳಿಕ, ಮುಂದೆ `d` ಇದ್ದರೆ `A`, `e` ಇದ್ದರೆ `B`. `b c` ಓದಿದ ಬಳಿಕ ಅದಕ್ಕೆ ತದ್ವಿರುದ್ಧ. ಎಲ್‌ಆರ್(1) ಈ ಎರಡು ಸ್ಥಿತಿಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಒಂದುಗೂಡಿಸಿದರೆ ಎರಡೂ ನಿಯಮಗಳಿಗೆ `d` ಯೂ `e` ಯೂ ಮುನ್ನೋಟವಾಗಿ, ರೆಡ್ಯೂಸ್‌ಗೆ ರೆಡ್ಯೂಸೇ ಎದುರಾಗುತ್ತದೆ. ಹೊಸ ಶಿಫ್ಟ್-ರೆಡ್ಯೂಸ್ ಸಂಘರ್ಷ ಮಾತ್ರ ಈ ದಾರಿಯಲ್ಲಿ ಹುಟ್ಟದು, ಏಕೆಂದರೆ ಶಿಫ್ಟ್ ಮುನ್ನೋಟವನ್ನು ಅವಲಂಬಿಸಿಲ್ಲ, ಒಂದುಗೂಡುವ ಸ್ಥಿತಿಗಳೆಲ್ಲದರಲ್ಲೂ ಅದು ಸಮಾನ. ಇಂಥ ಕಡೆ ಯಾಕ್ ಮತ್ತು ಬೈಸನ್ ಎಚ್ಚರಿಕೆಯೊಂದನ್ನು ಮುದ್ರಿಸಿ, ಕಡತದಲ್ಲಿ ಮೊದಲು ಬರುವ ನಿಯಮವನ್ನು ಆರಿಸಿಕೊಂಡು ಮುಂದೆ ಸಾಗುತ್ತವೆ. ಅದರಂತೆ `B → c` ಎಂದಿಗೂ ಬಳಕೆಗೆ ಬಾರದೆ, ಭಾಷೆಯ ನಾಲ್ಕು ವಾಕ್ಯಗಳಲ್ಲಿ `acd` ಮತ್ತು `bce` ಅಂಗೀಕಾರಗೊಂಡು, ಅಷ್ಟೇ ಸರಿಯಾದ `bcd` ಮತ್ತು `ace` ವಾಕ್ಯದೋಷವೆಂದು ಹಿಂದಿರುಗುತ್ತವೆ. ಬೈಸನ್ ಕಡತದ ತಲೆಗೆ `%define lr.type canonical-lr` ಎಂದು ಬರೆದರೆ ಒಂದುಗೂಡಿಸುವಿಕೆ ನಿಂತು ನಾಲ್ಕೂ ವಾಕ್ಯಗಳು ಪಾರಾಗುತ್ತವೆ. `canonical-lr` ಬದಲು `ielr` ಎಂದರೆ ಸಂಘರ್ಷ ಬರುವ ಕಡೆಯಷ್ಟೇ ಸ್ಥಿತಿಗಳನ್ನು ಬೇರ್ಪಡಿಸಿ, ಉಳಿದೆಡೆ ಕೋಷ್ಟಕವನ್ನು ಚಿಕ್ಕದಾಗಿಯೇ ಇರಿಸುತ್ತದೆ.