ಹಾಡು ಮುಗಿದ ಮೇಲಿನ ಆರು ನಿಮಿಷ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ 14 ಕ್ಯಾಸೆಟ್ಟುಗಳೂ ಸೇರಿದ್ದವು. ಎಲ್ಲವೂ ಮನೆಯ ಟೂ-ಇನ್-ಒನ್‌ನಲ್ಲಿ ಅವರೇ ಹಾಡಿ ತುಂಬಿಸಿದವು. ಗದಗಿನ ಸೀಮೆಯ ಹಳ್ಳಿಯೊಂದರಿಂದ ಮುಂಬಯಿಗೆ ಬಂದವರು ಅವರು. ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. 1982ರ ಜನವರಿಯಲ್ಲಿ ಗಿರಣಿಗಳ ಮುಷ್ಕರ ಆರಂಭವಾದ ಮೇಲೆ ಆ ಕೆಲಸ ಮತ್ತೆ ಕೈಗೆ ಬರಲಿಲ್ಲ. ಅಂಗಡಿಗಳ ಲೆಕ್ಕ ಬರೆದು ಮನೆ ನಡೆಸಿದರು. ಸಂಜೆಯಾದರೆ ಚಾಳಿನ ಭಜನಾ ಮಂಡಳಿಯಲ್ಲಿ ಪೇಟಿ ಬಾರಿಸುತ್ತಿದ್ದರು. ಹಾಡುಗಳಲ್ಲಿ ಹೆಚ್ಚಿನವು ಶರೀಫರ ತತ್ವಪದಗಳು, ದಾಸರ ಪದಗಳು. ಒಂದು ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಮಾತ್ರ ನಮ್ಮ ಅಜ್ಜಿ ಬೀಸುವಾಗ ಹಾಡುತ್ತಿದ್ದ ಐದು ಪದಗಳಿದ್ದವು. ಅದರ ಕಾಗದದ ಮೇಲೆ ತಂದೆಯವರ ಅಕ್ಷರದಲ್ಲಿ ‘ಅವ್ವನ ಪದ, ಶ್ರಾವಣ 1986’ ಎಂದಿತ್ತು.

ಅವರು ಹೋದ ವರ್ಷದೊಳಗೆ ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕೆಂದು ನಾವು, ಎಂದರೆ ಮಗ ಮತ್ತು ಸೊಸೆ, ನಿಶ್ಚಯಿಸಿದೆವು. ಮುಂಬಯಿಯ ಮಳೆಗಾಲ ಟೇಪಿಗೆ ಒಳ್ಳೆಯದಲ್ಲ. ಕೆಲವು ಸುರುಳಿಗಳ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ‘ಅವ್ವನ ಪದ’ದ ಕಷ್ಟ ಬೇರೆ. ಕ್ಯಾಸೆಟ್ಟಿನ ಬಾಯಿಯ ನಡುವೆ, ಟೇಪಿನ ಹಿಂದೆ, ಉಗುರಿಗಿಂತ ಚಿಕ್ಕದಾದ ಒಂದು ಮೆತ್ತೆಯ ತುಂಡು ಇರುತ್ತದೆ. ಟೇಪನ್ನು ಯಂತ್ರದ ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ವರ್ಷಗಳು ಕಳೆದಂತೆ ಅದರ ಅಂಟು ಒಣಗಿ ಮೆತ್ತೆ ಉದುರುತ್ತದೆ. ಆಗ ಧ್ವನಿ ಕಂಬಳಿ ಹೊದ್ದುಕೊಂಡಂತೆ ಮಂಕಾಗಿ, ನಡುನಡುವೆ ಮುಳುಗುತ್ತದೆ. ಟೇಪು ಹಾಳಾಯಿತೆಂದು ಎಸೆದುಬಿಡುವವರೇ ಹೆಚ್ಚು; ಹಾಳಾದದ್ದು ಟೇಪಲ್ಲ, ಮನೆ. ಚಿಪ್ಪಿನ ಐದು ತಿರುಪು ಬಿಚ್ಚಿ, ಎರಡೂ ಸುರುಳಿಗಳನ್ನು ಎತ್ತಿ, ಹೊಸ ಕ್ಯಾಸೆಟ್ಟೊಂದರ ಚಿಪ್ಪಿನೊಳಗೆ ಕೂರಿಸಿದೆವು. ಅಜ್ಜಿಯ ಪದಗಳು ಮತ್ತೆ ನಿಚ್ಚಳವಾದವು.

ಈ ಕೆಲಸಕ್ಕೆ ಕೂರುವ ಮುನ್ನ ಒಂದು ನಿಯಮ ಮಾಡಿಕೊಂಡಿದ್ದೆವು. ಯಂತ್ರವನ್ನು ನಾವಾಗಿ ನಿಲ್ಲಿಸುವಂತಿಲ್ಲ. ಹಾಡು ಮುಗಿಯಲಿ, ಬರೀ ಸದ್ದು ಉಳಿಯಲಿ, ಸುರುಳಿ ತೀರಿ ಗುಂಡಿ ತಾನೇ ಮೇಲೆ ಹಾರುವವರೆಗೆ ಓಡಬೇಕು. 60 ನಿಮಿಷದ ಕ್ಯಾಸೆಟ್ಟು 48 ಕಿಲೋಹರ್ಟ್ಸ್, 24 ಬಿಟ್‌ನ WAV ಕಡತವಾಗಿ ಸುಮಾರು ಒಂದು ಜಿಬಿ ಆಗುತ್ತದೆ. ಇಂದಿನ ದಿನಗಳಲ್ಲಿ ಅದೇನು ದೊಡ್ಡ ಜಾಗವಲ್ಲ. ಖಾಲಿ ಎಂದು ತೋರುವ ಭಾಗವನ್ನು ಉಳಿಸಿಕೊಳ್ಳುವುದರಲ್ಲಿ ನಷ್ಟವಿಲ್ಲ, ಬಿಡುವುದರಲ್ಲಿ ಇರಬಹುದು.

ನಮ್ಮ ಮನೆಯಲ್ಲಿ ಈ ಕ್ಯಾಸೆಟ್ಟನ್ನು ಕೇಳುವ ಕ್ರಮ ಹಾಗಿರಲಿಲ್ಲ. ಐದನೆಯ ಪದ 17 ನಿಮಿಷ 50 ಸೆಕೆಂಡಿಗೆ ಮುಗಿಯುತ್ತದೆ. ‘ಆತು’ ಎಂದು ಅವ್ವ ಗುಂಡಿ ಒತ್ತುತ್ತಿದ್ದರು. ದಶಕಗಳ ಕಾಲ ಅದೇ ನಡೆದದ್ದು. ಹಾಡು ಮುಗಿದ ಮೇಲೆ ಬರಿಯ ಟೇಪಿನ ಸುಯ್ಯೆನ್ನುವ ಸದ್ದನ್ನು ಯಾರು ಕೇಳುತ್ತ ಕೂರುತ್ತಾರೆ?

ಈ ಬಾರಿ ಯಂತ್ರ ತನ್ನ ಪಾಡಿಗೆ ಓಡಿತು. ಬಳಿಕ ನಾವು Audacity ಪರದೆಯಲ್ಲಿ ಧ್ವನಿಯ ರೇಖೆಯನ್ನು ನೋಡಿದೆವು. ಐದು ಪದಗಳು ಐದು ದಪ್ಪ ದಿಂಡುಗಳಂತೆ ಕಂಡವು; ಅನಂತರ ಸಮತಟ್ಟಾದ ಗೆರೆ. 24ನೆಯ ನಿಮಿಷದ ಹತ್ತಿರ ಒಂದು ಸಣ್ಣ ಮುಳ್ಳು, ಅದರ ಹಿಂದೆಯೇ ಇರುವೆಸಾಲಿನಂಥ ಗುರುತುಗಳು, ಮತ್ತೆ ಒಂದು ಮುಳ್ಳು. ರೆಕಾರ್ಡಿಂಗ್ ಗುಂಡಿಯನ್ನು ಒತ್ತಿದಾಗ, ಬಿಟ್ಟಾಗ ಟೇಪಿನ ಮೇಲೆ ‘ಟಕ್’ ಎಂಬ ಸದ್ದು ಉಳಿಯುತ್ತದೆ; ಮುಳ್ಳುಗಳು ಅವೇ. ನಡುವಣ ಆರು ನಿಮಿಷದ ಸುಯ್ಯುವಿಕೆಯೂ ಹಾಡುಗಳ ಹಿಂದಿನದಕ್ಕಿಂತ ತೆಳುವಾಗಿತ್ತು. ಒಮ್ಮೆಯೂ ಏನನ್ನೂ ತುಂಬದ ಟೇಪಿನ ಗುಣ ಅದು. ಎಂದರೆ, ಹಳೆಯದನ್ನು ಅಳಿಸಿ ಹಾಡು ತುಂಬುವಾಗ ಉಳಿದುಹೋದ ಚೂರು ಇದಲ್ಲ. ಯಾರೋ ಬೇಕೆಂದೇ ಟೇಪನ್ನು ಮುಂದಕ್ಕೆ ಓಡಿಸಿ, ಜಾಗ ಬಿಟ್ಟು, ಮಾತಾಡಿದ್ದಾರೆ.

ಕೇಳಿದೆವು. ಮೊದಲು ಪೇಟಿಯ ಒಂದೇ ಸ್ವರ, ಎರಡು ಉಸಿರಿನಷ್ಟು ಹೊತ್ತು. ಆಮೇಲೆ ತರುಣನೊಬ್ಬನ ಅವಸರದ ಮಾತು. ನಮಗೆ ಗುರುತು ಹತ್ತಲಿಲ್ಲ. ಅವ್ವನನ್ನು ಕರೆದು ಕೇಳಿಸಿದೆವು.

“ಇದು ಅವರ ದನಿ ಅಲ್ಲ. ಯಾರೋ ಹುಡುಗನ ದನಿ ಇದ್ದಂಗ ಐತಿ,” ಎಂದರು ಅವರು.

ಮಾತಾಡುವ ಮೊದಲೂ ಪೇಟಿಯ ಷಡ್ಜವನ್ನು ಹಿಡಿಯುವ ಅಭ್ಯಾಸವಿದ್ದ ಒಬ್ಬರೇ ವ್ಯಕ್ತಿ ನಮಗೆ ಗೊತ್ತಿದ್ದರು. ಆದ್ದರಿಂದ ಆ ಸ್ವರವನ್ನೇ ಹಿಡಿದುಕೊಂಡು ಹೊರಟೆವು. ಅದೇ ತಂತ್ರಾಂಶದಲ್ಲಿ Plot Spectrum ಎಂಬುದೊಂದಿದೆ. ಆಯ್ದ ಭಾಗದಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ಅದು ತೋರಿಸುತ್ತದೆ. ಐದು ಪದಗಳಲ್ಲಿ ಪೇಟಿಯ ಷಡ್ಜ 279 ಹರ್ಟ್ಸ್. ಕಪ್ಪು ಒಂದರ ಮನೆಗೆ ಸರಿಹೋಗುವ ಅಂಕಿ. ಮಾತಿನ ಮೊದಲ ಸ್ವರ 293. ಪದಗಳ ತಳದಲ್ಲಿ 50 ಹರ್ಟ್ಸಿನ ಆಸುಪಾಸಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯಿತ್ತು, ಮಾತಿನ ತಳದಲ್ಲಿ ಅದರ ಸುಳಿವೂ ಇರಲಿಲ್ಲ.

ಇವೆರಡನ್ನು ಜೋಡಿಸಿದರೆ ಸಂಗತಿ ತಿಳಿಯುತ್ತದೆ. ಪದಗಳನ್ನು ಮನೆಯಲ್ಲಿ, ಪ್ಲಗ್ಗಿಗೆ ಸಿಕ್ಕಿಸಿ ತುಂಬಿದ್ದು. ಮಾತನ್ನು ಸೆಲ್ಲಿನ ಮೇಲೆ, ಅದೂ ಸೋತ ಸೆಲ್ಲಿನ ಮೇಲೆ. ಸೆಲ್ಲು ಸೋತರೆ ಮೋಟಾರು ನಿಧಾನವಾಗುತ್ತದೆ, ಟೇಪು ಮೆಲ್ಲನೆ ಸಾಗುತ್ತದೆ. ಅದನ್ನೇ ಸರಿಯಾದ ವೇಗದಲ್ಲಿ ನುಡಿಸಿದರೆ ಮಾತು ಅವಸರದ್ದಾಗಿ, ದನಿ ಎಳೆಯದಾಗಿ ಕೇಳುತ್ತದೆ. 279ನ್ನು 293ರಿಂದ ಭಾಗಿಸಿದರೆ 0.952. ಮೂಲ ಕಡತವನ್ನು ಮುಟ್ಟದೆ ಒಂದು ಪ್ರತಿ ಮಾಡಿ, ಅದರ ವೇಗವನ್ನು ಅಷ್ಟಕ್ಕೆ ಇಳಿಸಿದೆವು. ಇಲ್ಲಿ ಶ್ರುತಿಯೊಂದನ್ನೇ ತಗ್ಗಿಸಿದರೆ ಸಾಲದು, ವೇಗವೂ ಜೊತೆಗೇ ಇಳಿಯಬೇಕು. ಕೆಟ್ಟದ್ದು ಎರಡೂ ಒಟ್ಟಿಗೆ. 3 ನಿಮಿಷ 50 ಸೆಕೆಂಡಿನ ಮಾತು 4 ನಿಮಿಷಕ್ಕೆ ಬಂತು. ನೂರಕ್ಕೆ ಐದರಷ್ಟೂ ಇಲ್ಲದ ವ್ಯತ್ಯಾಸ. ಅವ್ವ ಈ ಬಾರಿ ಏನೂ ಹೇಳಲಿಲ್ಲ. ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಬದಿಗಿಟ್ಟರು.

“ತಮ್ಮಾ, ಅವ್ವನ ಪದ ಕೇಳಿದ್ದಿ. ನೆನಪಿದ್ದಷ್ಟು ಹಾಡೀನಿ,” ಎಂದು ಮಾತು ಮೊದಲಾಗುತ್ತದೆ. ತಮ್ಮ ಎಂದರೆ ನಮ್ಮ ಕಾಕಾ. ಅಜ್ಜಿ ತೀರಿಕೊಂಡದ್ದು 1985ರಲ್ಲಿ. ತಂದೆಯವರು ಮಣ್ಣಿಗೆ ಹೋಗಿರಲಿಲ್ಲ. ಕೆಲಸಕ್ಕಿದ್ದ ಅಂಗಡಿಯಲ್ಲಿ ರಜೆ ಸಿಗಲಿಲ್ಲ ಎಂಬುದು ನಾವು ಕೇಳುತ್ತ ಬೆಳೆದ ಕಾರಣ. ಕಾಕಾ ನಾಲ್ಕು ಜನರೆದುರು ಏನೋ ಅಂದರು, ಮಾತು ಹೊಲದ ಪಾಲಿಗೆ ಹೊರಳಿತು, ಅಣ್ಣತಮ್ಮಂದಿರು ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೂ ಮಾತಾಡಲಿಲ್ಲ.

“ರಜಾ ಸಿಗಲಿಲ್ಲ ಅಂದದ್ದು ಸುಳ್ಳು. ಗಾಡಿ ಖರ್ಚಿಗೆ ರೊಕ್ಕ ಇರಲಿಲ್ಲ. ಕೇಳಿದ್ರ ಯಾರರ ಕೊಡತಿದ್ರು. ಕೇಳಾಕ ಬಾಯಿ ಬರಲಿಲ್ಲ. ನೀ ಅಂದದ್ದು ನನಗ ಸಿಟ್ಟಿಲ್ಲ,” ಎನ್ನುತ್ತದೆ ಆ ದನಿ. ಆಮೇಲೆ ಹೊಲದ ವಿಷಯ ಎರಡು ಮಾತು. ಕೊನೆಗೆ, “ಇದನ್ನ ಮನ್ಯಾಗ ಎಲ್ಲಾರ ಮುಂದ ಹಾಕಬ್ಯಾಡ. ಒಬ್ಬನ ಕೇಳು.” ಆರು ನಿಮಿಷ ಜಾಗ ಬಿಟ್ಟದ್ದು ಏಕೆಂಬುದು ಆಗ ನಮಗೆ ಹೊಳೆಯಿತು. ಹಾಡು ಎಲ್ಲರಿಗೂ, ಮಾತು ಒಬ್ಬನಿಗೆ.

ಅವರು ಮಾತು ನಿಲ್ಲಿಸಿದಾಗಲೆಲ್ಲ ಹಿಂದಿನಿಂದ ಮಳೆಯ ಸದ್ದು ಮೇಲೇಳುತ್ತದೆ, ಮತ್ತೆ ಮಾತು ಬಂದರೆ ಅಡಗುತ್ತದೆ. ಹಳೆಯ ಟೂ-ಇನ್-ಒನ್‌ಗಳು ಮೈಕಿಗೆ ಬೀಳುವ ಧ್ವನಿ ಕಡಿಮೆಯಾದರೆ ತಾವಾಗಿ ಅದನ್ನು ಹಿಗ್ಗಿಸುತ್ತಿದ್ದವು. ಆದ್ದರಿಂದ ಮೌನವಿದ್ದಲ್ಲಿ ಸುತ್ತಲಿನದು ದೊಡ್ಡದಾಗುತ್ತದೆ. ಆ ಮಳೆ ಮಂಡಳಿಯ ಖೋಲಿಯ ತಗಡಿನ ಮೇಲಿನದು ಎಂದು ಗುರುತಿಸಿದವರು ಅವ್ವ. ಪೇಟಿ ಇರುತ್ತಿದ್ದುದು ಅಲ್ಲಿ, ಬೀಗದಕೈ ತಂದೆಯವರ ಬಳಿ. ಖೋಲಿಯಲ್ಲಿ ಒಂದು ಬಲ್ಬಿತ್ತೇ ಹೊರತು ಪ್ಲಗ್ಗಿರಲಿಲ್ಲ. ಒಂದೇ ಕೋಣೆಯ ಸಂಸಾರದಲ್ಲಿ ಮನುಷ್ಯ ಗುಟ್ಟಾಗಿ ನಾಲ್ಕು ನಿಮಿಷ ಮಾತಾಡಬೇಕಾದರೆ ಬೇರೆ ಎಲ್ಲಿಗೆ ಹೋಗಬೇಕು?

“ಪಾರ್ಸಲ್ಲಿಗೆ ಬಟ್ಟಿ ಹೊಲದು ಕೊಟ್ಟಿದ್ದೆ,” ಎಂದರು ಅವ್ವ. “ವಿಳಾಸ ಸಹಾ ಬರದಿದ್ರು. ಎಂಟು ದಿನ ಹಾಂಗ ಇತ್ತು. ಆಮ್ಯಾಲ ತಾವ ಹೊಲಿಗಿ ಬಿಚ್ಚಿದ್ರು. ಕೇಳಿದ್ರ ಹೇಳೋ ಮನಿಷಾ ಅಲ್ಲ, ನಾನೂ ಕೇಳಲಿಲ್ಲ.”

ಇದನ್ನು ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮೊಳಗೇ ಒಂದು ವಾರ ವಾದ ನಡೆಯಿತು. ಕಳಿಸದಿರುವುದೂ ತಂದೆಯವರದೇ ತೀರ್ಮಾನ; ಹೊಲಿಗೆ ಬಿಚ್ಚಿದ ಕೈಯನ್ನು ಮೀರಿ ನಡೆಯುವುದು ಸರಿಯೇ ಎಂಬುದು ಒಂದು ಪಕ್ಷ. ಟೇಪನ್ನು ಅಳಿಸದೆ ಉಳಿಸಿದ್ದೂ ಅವರೇ ಅಲ್ಲವೇ ಎಂಬುದು ಇನ್ನೊಂದು. ಅದರ ಮೇಲೆ ಮತ್ತೊಂದು ಹಾಡು ತುಂಬಿದ್ದರೆ ಮಾತು ಅಳಿದುಹೋಗುತ್ತಿತ್ತು. ಟೇಪು ದುಬಾರಿಯಾಗಿದ್ದ ಆ ಮನೆಯಲ್ಲಿ ಹನ್ನೆರಡು ನಿಮಿಷದ ಖಾಲಿ ಜಾಗವನ್ನು ಅವರು ಎಂದೂ ಬಳಸಲಿಲ್ಲ. ಆ ಎರಡನೆಯ ಮಾತೇ ನಮ್ಮಲ್ಲಿ ಗೆದ್ದಿತು.

ಕಾಕಾ ಅವರಿಗೆ ಈಗ ಎಂಬತ್ತರ ಹತ್ತಿರ, ಕಿವಿಗೆ ಯಂತ್ರ. ಅವರಿಗಾಗಿ ಬೇರೊಂದು ಪ್ರತಿ ಮಾಡಿದೆವು. ಸುಯ್ಯುವಿಕೆಯನ್ನು ತುಸು ಮಾತ್ರ ತಗ್ಗಿಸಿದೆವು. ಅತಿಯಾಗಿ ತೆಗೆದರೆ ದನಿ ನೀರಿನೊಳಗಿಂದ ಬಂದಂತಾಗಿ ಸ, ಶ, ತ ಅಕ್ಷರಗಳು ಸವೆಯುತ್ತವೆ, ಕಿವಿ ಮಂದವಾದವರಿಗೆ ಬೇಕಾದದ್ದು ಅವೇ. ಮಳೆಯನ್ನು ಹಾಗೆಯೇ ಬಿಟ್ಟೆವು. ಆರು ನಿಮಿಷದ ಖಾಲಿಯನ್ನೂ ಕತ್ತರಿಸಲಿಲ್ಲ.

ಊರಿಗೆ ಹೋಗಿ, ಪಡಸಾಲೆಯಲ್ಲಿ ಸಣ್ಣ ಸ್ಪೀಕರ್ ಇಟ್ಟು, “ಅಪ್ಪಾ ನಿಮಗಂತ ತುಂಬಿದ್ದು, ಕಾಕಾ. ಹಾಡು ಮುಗಿದ ಮ್ಯಾಲೂ ಐತಿ, ಬಂದ್ ಮಾಡಬ್ಯಾಡ್ರಿ,” ಎಂದು ಹೇಳಿ ಎಲ್ಲರೂ ಹೊರಗಿನ ಕಟ್ಟೆಯ ಮೇಲೆ ಕೂತೆವು. ಕಾಕೂ ಚಹಾ ತಂದರು. ಒಳಗೆ ಪದಗಳು ಮುಗಿದವು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಪೇಟಿಯ ಸ್ವರ ಒಂದು, ಅದರ ಹಿಂದೆ ಮಾತು. ಕಟ್ಟೆಗೆ ಶಬ್ದಗಳು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ.

ಅರ್ಧ ಗಂಟೆಯ ಮೇಲೆ ಕಾಕಾ ಬಾಗಿಲಿಗೆ ಬಂದರು. ಮಾತಿನ ವಿಷಯ ಎತ್ತಲಿಲ್ಲ.

“ಮೂರನೇ ಪದದಾಗ ಒಂದು ನುಡಿ ಬಿಟ್ಟಾನ,” ಎಂದರು. “ಅವ್ವ ನಾಕು ನುಡಿ ಹೇಳತಿದ್ಲು. ಅವಗ ಮೂರ ನೆನಪು.”

ಕಟ್ಟೆಯ ಮೇಲೆ ಕೂತು, ಬಲಗೈಯನ್ನು ಬೀಸುವವರಂತೆ ಸುತ್ತಿಸುತ್ತ, ಆ ನಾಲ್ಕನೆಯ ನುಡಿಯನ್ನು ಹಾಡಿದರು. ಶ್ರುತಿ ಎಲ್ಲೆಲ್ಲೋ ಹೋಯಿತು. ನಾವು ಫೋನಿನಲ್ಲಿ ಅದನ್ನು ತುಂಬಿಕೊಂಡು, ಮುಂಬಯಿಗೆ ಬಂದ ಮೇಲೆ ‘ಅವ್ವನ ಪದ’ದ ಫೋಲ್ಡರಿನಲ್ಲಿ ಮೂರನೆಯ ಹಾಡಿನ ಕೆಳಗೆ ಇಟ್ಟಿದ್ದೇವೆ.